ಈಗಷ್ಟೇ ನೋಡಿದ ವಿಡಿಯೊ ಹಿಸ್ಟರಿಯಲ್ಲಿ ಯಾಕಿಲ್ಲ?

ಕೇಳುಗರಿಗೆ ನಮಸ್ಕಾರ.

ಯೂಟ್ಯೂಬ್‌ನಲ್ಲಿ ಒಂದು ವಿಡಿಯೊ ನೋಡುತ್ತಿದ್ದೀರಿ. ಅರ್ಧದಲ್ಲಿ ಯಾರೋ ಕರೆದರು, ನಿಲ್ಲಿಸಿ ಎದ್ದಿರಿ. ಆಮೇಲೆ ಉಳಿದದ್ದನ್ನು ನೋಡೋಣ ಎಂದು ಹಿಸ್ಟರಿ ತೆರೆದರೆ ಅದು ಅಲ್ಲಿಲ್ಲ. ಹಳೆಯ ವಿಡಿಯೊಗಳೆಲ್ಲ ಇವೆ, ಬೇಕಾದದ್ದು ಮಾತ್ರ ಇಲ್ಲ. ಫೋನ್ ಕೆಟ್ಟಿತಾ, ಯಾರಾದರೂ ಅಳಿಸಿದರಾ ಎಂದು ಅನುಮಾನ ಬರುತ್ತದೆ. ಸಾಮಾನ್ಯವಾಗಿ ಎರಡೂ ಅಲ್ಲ. ಆ ವಿಡಿಯೊ ಪಟ್ಟಿಯಿಂದ ಹೋಗಿಲ್ಲ, ಪಟ್ಟಿಗೆ ಬಂದೇ ಇಲ್ಲ.

ಮೊದಲು ಒಂದು ಸಣ್ಣ ಕೆಲಸ ಮಾಡಿ. ಹಿಸ್ಟರಿ ಪುಟವನ್ನು ಬೆರಳಿನಿಂದ ಕೆಳಕ್ಕೆ ಎಳೆದು ಬಿಡಿ, ಪುಟ ಹೊಸದಾಗಿ ತೆರೆದುಕೊಳ್ಳುತ್ತದೆ. ಕೆಲವು ಸಲ ಆ್ಯಪ್ ಹಳೆಯ ಪುಟವನ್ನೇ ತೋರಿಸುತ್ತಾ ಕೂತಿರುತ್ತದೆ. ಆಮೇಲೂ ಬರದಿದ್ದರೆ ಪಟ್ಟಿಯ ತುದಿಯನ್ನು ನೋಡಿ. ಹಿಸ್ಟರಿ ದಿನದ ಲೆಕ್ಕದಲ್ಲಿ ಇರುತ್ತದೆ: ಇವತ್ತಿನದು ಮೇಲೆ, ನಿನ್ನೆಯದು ಅದರ ಕೆಳಗೆ. ಎಲ್ಲಕ್ಕಿಂತ ಮೇಲಿರುವ ವಿಡಿಯೊ ಯಾವ ದಿನದ್ದು?

ನನ್ನ ಪ್ರಕಾರ ಇಡೀ ಪತ್ತೆದಾರಿಕೆ ಈ ಒಂದು ಪ್ರಶ್ನೆಯಲ್ಲಿದೆ. ಇವತ್ತು ನೋಡಿದ ಬೇರೆ ವಿಡಿಯೊಗಳು ಪಟ್ಟಿಯಲ್ಲಿದ್ದು, ಒಂದು ಮಾತ್ರ ಕಾಣೆಯಾಗಿದ್ದರೆ, ಆ ಒಂದನ್ನು ನೀವು ಬೇರೆ ಎಲ್ಲೋ ನೋಡಿದ್ದೀರಿ. ಇನ್ನೊಂದು ಖಾತೆಯಲ್ಲಿ ಇರಬಹುದು, ಟಿವಿಯಲ್ಲಿ ಅತಿಥಿಯಾಗಿ ಇರಬಹುದು. ಹಾಗಲ್ಲದೆ ಪಟ್ಟಿ ಒಂದು ದಿನಕ್ಕೆ ಬಂದು ಗಕ್ಕನೆ ನಿಂತಿದ್ದರೆ, ಅಲ್ಲಿಂದ ಈಚೆಗೆ ಏನೂ ಇಲ್ಲದಿದ್ದರೆ, ಹಿಸ್ಟರಿಯನ್ನು ಯಾರೋ ತಡೆಹಿಡಿದಿದ್ದಾರೆ. ಅಂದರೆ ಪಾಸ್ ಮಾಡಿದ್ದಾರೆ. ಆ 'ಯಾರೋ' ಹೆಚ್ಚಾಗಿ ನಾವೇ ಆಗಿರುತ್ತೇವೆ, ಮರೆತಿರುತ್ತೇವೆ ಅಷ್ಟೇ.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಒಬ್ಬ ತಾಯಿ ಸೋಮವಾರ ಸಂಜೆ ಮಗುವಿಗೆ ಟಿವಿಯಲ್ಲಿ ಕಾರ್ಟೂನ್ ಹಾಕಿಕೊಡುತ್ತಾರೆ. ಆಮೇಲೆ ತಮ್ಮ ಮುಖಪುಟದ ತುಂಬ ಕಾರ್ಟೂನೇ ಬರಬಾರದು ಎಂದು ಟಿವಿಯ ಸೆಟ್ಟಿಂಗ್ಸ್‌ಗೆ ಹೋಗಿ ಹಿಸ್ಟರಿಯನ್ನು ಪಾಸ್ ಮಾಡುತ್ತಾರೆ. ಮಗು ಮಲಗುತ್ತದೆ, ಟಿವಿ ಆಫ್ ಆಗುತ್ತದೆ. ಪಾಸ್ ಮಾತ್ರ ಹಾಗೇ ಉಳಿಯುತ್ತದೆ. ಗುರುವಾರ ಅವರು ತಮ್ಮ ಫೋನಿನಲ್ಲಿ ಹೊಲಿಗೆ ಯಂತ್ರ ರಿಪೇರಿಯ ವಿಡಿಯೊ ಒಂದನ್ನು ಹುಡುಕಿ ನೋಡುತ್ತಾರೆ. 40 ನಿಮಿಷದ ವಿಡಿಯೊ, 25 ನಿಮಿಷ ನೋಡಿ ನಿಲ್ಲಿಸುತ್ತಾರೆ. ಶುಕ್ರವಾರ ಹಿಸ್ಟರಿ ತೆರೆದರೆ ಸೋಮವಾರದ ಮೇಲೆ ಏನೂ ಇಲ್ಲ.

ಪಾಸ್ ಮಾಡಿದ್ದು ಟಿವಿಯಲ್ಲಿ, ವಿಡಿಯೊ ನೋಡಿದ್ದು ಫೋನಿನಲ್ಲಿ. ಹಾಗಿದ್ದೂ ಫೋನಿನ ಹಿಸ್ಟರಿ ಯಾಕೆ ನಿಂತಿತು? ಪಾಸ್ ಎನ್ನುವುದು ಯಂತ್ರಕ್ಕೆ ಅಂಟಿಕೊಂಡದ್ದಲ್ಲ, ಖಾತೆಗೆ ಅಂಟಿಕೊಂಡದ್ದು. ಒಂದೇ ಖಾತೆಯಲ್ಲಿ ಲಾಗಿನ್ ಆಗಿರುವ ಫೋನ್, ಟಿವಿ, ಕಂಪ್ಯೂಟರ್ ಎಲ್ಲಕ್ಕೂ ಒಂದೇ ಸ್ವಿಚ್ ಇದೆ. ಎಲ್ಲಿ ಒತ್ತಿದರೂ ಎಲ್ಲ ಕಡೆ ನಿಲ್ಲುತ್ತದೆ. ಲಾಗಿನ್ ಆಗದೆ ನೋಡಿದಾಗ ಮಾತ್ರ ಹಿಸ್ಟರಿ ಆಯಾ ಫೋನಿಗೋ ಬ್ರೌಸರಿಗೋ ಸೀಮಿತವಾಗಿರುತ್ತದೆ.

ಈ ಪಾಸ್‌ಗೆ ಅವಧಿ ಇಲ್ಲ. ನಾಳೆ ತಾನಾಗಿ ತೆರೆದುಕೊಳ್ಳುವುದಿಲ್ಲ, ಮುಂದಿನ ವರ್ಷವೂ ಇಲ್ಲ. ಫೋನ್ ಆಫ್ ಮಾಡಿ ಆನ್ ಮಾಡಿದರೂ, ಆ್ಯಪ್ ತೆಗೆದು ಮತ್ತೆ ಹಾಕಿದರೂ ಅದು ಹಾಗೇ ಇರುತ್ತದೆ. ವಿಡಿಯೊ ಓಡುವಾಗ 'ಹಿಸ್ಟರಿ ನಿಂತಿದೆ' ಎಂದು ನೆನಪಿಸುವ ಗುರುತೂ ಇಲ್ಲ. ಇನ್‌ಕಾಗ್ನಿಟೊ ಜೊತೆ ಹೋಲಿಸಿ ನೋಡಿ. ಅದರಲ್ಲೂ ನೋಡಿದ್ದು ಹಿಸ್ಟರಿಗೆ ಸೇರುವುದಿಲ್ಲ, ಆದರೆ ಪರದೆಯ ಕೆಳಗೆ ಒಂದು ಕಪ್ಪು ಪಟ್ಟಿ 'ನೀವು ಇನ್‌ಕಾಗ್ನಿಟೊದಲ್ಲಿದ್ದೀರಿ' ಎಂದು ಹೇಳುತ್ತಿರುತ್ತದೆ. 90 ನಿಮಿಷ ಆ್ಯಪ್ ಮುಟ್ಟದಿದ್ದರೆ ಅದು ತಾನೇ ಮುಗಿದುಹೋಗುತ್ತದೆ. ಅದಕ್ಕೇ ಆ ತಾಯಿಯಂಥವರಿಗೆ ನಾನು ಹೇಳುವುದು: ಒಂದು ಗಂಟೆ ಮಗುವಿಗೆ ಫೋನ್ ಕೊಡುವುದಾದರೆ ಇನ್‌ಕಾಗ್ನಿಟೊ ಸಾಕು. ಪಾಸ್ ಮುಟ್ಟಿದರೆ ಅದನ್ನು ವಾಪಸ್ ತೆಗೆಯುವ ಜವಾಬ್ದಾರಿ ನಿಮ್ಮದು.

ಈಗ ತೆಗೆಯುವುದು ಹೇಗೆ ನೋಡೋಣ. ಫೋನಿನ ಆ್ಯಪ್‌ನಲ್ಲಿ ಕೆಳಗೆ ಬಲತುದಿಯಲ್ಲಿ You ಎಂದಿರುತ್ತದೆ, ಅದನ್ನು ಒತ್ತಿ. ಅಲ್ಲಿ History ತೆರೆಯಿರಿ. ಮೇಲೆ ಬಲಮೂಲೆಯಲ್ಲಿ ಮೂರು ಚುಕ್ಕಿಗಳಿವೆ, ಒತ್ತಿ. ಕಂಪ್ಯೂಟರ್‌ನಲ್ಲಾದರೆ ಹಿಸ್ಟರಿ ಪುಟದ ಬಲಬದಿಯಲ್ಲೇ ಈ ಆಯ್ಕೆ ಸಿಗುತ್ತದೆ.

ಇಲ್ಲಿ ಜನ ಎಡವುವ ಜಾಗ ಒಂದಿದೆ, ಸ್ವಲ್ಪ ಗಮನ ಕೊಡಿ. ಆ ಪಟ್ಟಿಯಲ್ಲಿ Pause watch history ಎಂದು ಕಂಡರೆ 'ಓಹೋ, ಪಾಸ್ ಆಗಿಬಿಟ್ಟಿದೆ' ಎಂದುಕೊಳ್ಳುತ್ತೇವೆ. ಸಂಗತಿ ಉಲ್ಟಾ. ಆ ಸಾಲು ಈಗಿನ ಸ್ಥಿತಿಯನ್ನು ಹೇಳುವುದಿಲ್ಲ, ಒತ್ತಿದರೆ ಏನಾಗುತ್ತದೆ ಎಂದು ಹೇಳುತ್ತದೆ. ಪಾಸ್ ಮಾಡಲೇ ಎಂದು ಕೇಳುತ್ತಿದೆ ಎಂದರೆ ಹಿಸ್ಟರಿ ಸದ್ಯ ಓಡುತ್ತಿದೆ ಎಂದರ್ಥ. ಆನ್ ಮಾಡಲೇ ಎಂದು ಕೇಳಿದರೆ ಮಾತ್ರ ಅದು ನಿಂತಿದೆ. ಸರಿ ಮಾಡಲು ಹೋಗಿ, ಚೆನ್ನಾಗಿ ಓಡುತ್ತಿದ್ದ ಹಿಸ್ಟರಿಯನ್ನು ನಿಲ್ಲಿಸಿ ಬಂದವರು ಕಮ್ಮಿ ಏನಿಲ್ಲ! ಒತ್ತಿದ ಮೇಲೆ ಇನ್ನೊಮ್ಮೆ ಖಚಿತಪಡಿಸುವ ಪೆಟ್ಟಿಗೆ ಬರುತ್ತದೆ. ಅದರಲ್ಲಿರುವುದನ್ನು ಓದದೆ ಸರಸರ ಒಪ್ಪಬೇಡಿ.

ಮೆನು ತೆರೆಯದೆಯೂ ಒಂದು ಸುಳಿವು ಸಿಗುತ್ತದೆ. ಹಿಸ್ಟರಿ ಓಡುತ್ತಿದ್ದರೆ, ಅರ್ಧ ನೋಡಿದ ವಿಡಿಯೊದ ಚಿತ್ರದ ಕೆಳಗೆ ಕೆಂಪು ಗೆರೆ ಕಾಣುತ್ತದೆ, ಮತ್ತೆ ತೆರೆದರೆ ಬಿಟ್ಟಲ್ಲಿಂದ ಶುರುವಾಗುತ್ತದೆ. ಪಾಸ್ ಆಗಿದ್ದಾಗ ನೀವು ಎಲ್ಲಿ ಬಿಟ್ಟಿರಿ ಎಂಬುದೂ ದಾಖಲಾಗುವುದಿಲ್ಲ. 25 ನಿಮಿಷ ನೋಡಿದ್ದರೂ ವಿಡಿಯೊ ಮೊದಲಿಂದ ಶುರುವಾದರೆ ಅನುಮಾನ ಪಡಿ.

ಸರಿ, ಆ ತಾಯಿ ಶುಕ್ರವಾರ ಹಿಸ್ಟರಿಯನ್ನು ಮತ್ತೆ ಆನ್ ಮಾಡಿದರು. ಗುರುವಾರದ ವಿಡಿಯೊ ಬಂತಾ? ಇಲ್ಲ, ಬರುವುದೂ ಇಲ್ಲ. ಅಂಗಡಿಯವನು ಪುಸ್ತಕ ಮುಚ್ಚಿಟ್ಟು ವ್ಯಾಪಾರ ಮಾಡಿದರೆ, ಮರುದಿನ ಪುಸ್ತಕ ತೆರೆದ ಮಾತ್ರಕ್ಕೆ ನಿನ್ನೆಯ ಲೆಕ್ಕ ಅದರಲ್ಲಿ ಮೂಡುತ್ತದೆಯೇ? ಪಾಸ್ ಇದ್ದ ದಿನಗಳದ್ದು ಅಷ್ಟೇ. ಸೋಮವಾರಕ್ಕಿಂತ ಹಿಂದಿನದಕ್ಕೆ ಮಾತ್ರ ಏನೂ ಆಗಿಲ್ಲ. ಪಾಸ್ ಹಳೆಯದನ್ನು ಅಳಿಸುವುದಿಲ್ಲ. ಅಳಿಸುವುದಕ್ಕೆ ಬೇರೆಯೇ ಆಯ್ಕೆ ಇದೆ, ಅದು ಪಾಸ್‌ನ ಪಕ್ಕದಲ್ಲೇ ಇರುತ್ತದೆ, ಜೋಪಾನ.

ಹಾಗಾದರೆ ಗುರುವಾರದ ವಿಡಿಯೊ ಕೈಬಿಟ್ಟು ಹೋಯಿತೇ? ಇರಲಿಕ್ಕಿಲ್ಲ. ಯೂಟ್ಯೂಬ್‌ನಲ್ಲಿ ನೋಡಿದ ವಿಡಿಯೊಗಳ ದಾಖಲೆ ಬೇರೆ, ಹುಡುಕಿದ ಪದಗಳ ದಾಖಲೆ ಬೇರೆ. ಎರಡಕ್ಕೂ ಪ್ರತ್ಯೇಕ ಸ್ವಿಚ್ ಇದೆ. ಅವರು ನಿಲ್ಲಿಸಿದ್ದು ಮೊದಲನೆಯದನ್ನು ಮಾತ್ರ. ಹಾಗಾಗಿ ಹುಡುಕುವ ಜಾಗವನ್ನು ಒತ್ತಿದರೆ, ಗಡಿಯಾರದ ಗುರುತಿನ ಪಕ್ಕ ಗುರುವಾರ ಬರೆದ ಪದಗಳು ಹಾಗೇ ಕಾಣುತ್ತವೆ. ಅದನ್ನೇ ಒತ್ತಿದರೆ ಹೆಚ್ಚುಕಮ್ಮಿ ಅದೇ ಫಲಿತಾಂಶಗಳು ಬರುತ್ತವೆ, ಅದರಲ್ಲಿ ವಿಡಿಯೊ ಇರುತ್ತದೆ. ಕೆಂಪು ಗೆರೆ ಇರುವುದಿಲ್ಲ, ಚಿತ್ರ ನೋಡಿ ಗುರುತು ಹಿಡಿಯಬೇಕು. ವಿಡಿಯೊಗೆ ಲೈಕ್ ಒತ್ತಿದ್ದರೆ ಇನ್ನೂ ಸುಲಭ. ಹಿಸ್ಟರಿ ಪಾಸ್ ಆಗಿದ್ದರೂ ಲೈಕ್ ಮಾಡಿದ ವಿಡಿಯೊಗಳ ಪಟ್ಟಿಗೆ ಅದು ಸೇರಿರುತ್ತದೆ. ಕಂಪ್ಯೂಟರ್ ಬ್ರೌಸರಿನಲ್ಲಿ ನೋಡಿದ್ದರೆ ಬ್ರೌಸರಿನದೇ ಹಿಸ್ಟರಿ ಇರುತ್ತದೆ. ಕ್ರೋಮ್‌ನಲ್ಲಿ Ctrl+H ಒತ್ತಿದರೆ ತೆರೆಯುತ್ತದೆ. ಯೂಟ್ಯೂಬ್‌ನ ಪಾಸ್‌ಗೂ ಅದಕ್ಕೂ ಸಂಬಂಧವಿಲ್ಲ.

ಪಾಸ್‌ನಿಂದ ಮುಖಪುಟಕ್ಕೂ ಒಂದು ಪರಿಣಾಮ ಇದೆ. ಪಾಸ್ ಇದ್ದಾಗ ನೋಡಿದ್ದನ್ನು ಯೂಟ್ಯೂಬ್ ಶಿಫಾರಸಿಗೆ ಬಳಸುವುದಿಲ್ಲ, ಆ ತಾಯಿಗೆ ಬೇಕಾಗಿದ್ದೂ ಅದೇ. ಹಳೆಯ ಹಿಸ್ಟರಿ ಸಾಕಷ್ಟಿದ್ದರೆ ಅದರ ಆಧಾರದ ಮೇಲೆ ಶಿಫಾರಸು ಬರುತ್ತಲೇ ಇರುತ್ತದೆ. ಆದರೆ ಹಿಸ್ಟರಿ ಆಫ್ ಇದ್ದು, ಹಳೆಯದೂ ಹೆಚ್ಚೇನೂ ಇಲ್ಲದಿದ್ದರೆ ಮುಖಪುಟ ಬಹುಮಟ್ಟಿಗೆ ಖಾಲಿ ಕಾಣುತ್ತದೆ. 2023ರ ಆಗಸ್ಟ್‌ನಿಂದ ಹೀಗೆ ಮಾಡಿದ್ದಾರೆ. ಎಷ್ಟೋ ಜನಕ್ಕೆ ಇದು ಕೆಟ್ಟುಹೋದ ಹಾಗೆ ಕಾಣುತ್ತದೆ, ಕೆಲವರಿಗೆ ಮಾತ್ರ ಇಂಥ ಪುಟವೇ ನೆಮ್ಮದಿ.

ಇನ್ನು ಒಂದೇ ಒಂದು ವಿಡಿಯೊ ಕಾಣೆಯಾದವರ ವಿಷಯ. ನಿಮ್ಮ ಫೋಟೊ ಇರುವ ಜಾಗ ಒತ್ತಿ, ಯಾವ ಖಾತೆಯಲ್ಲಿದ್ದೀರಿ ನೋಡಿ. ಒಂದೇ ಇಮೇಲ್ ಅಡಿಯಲ್ಲಿ ಎರಡು ಚಾನೆಲ್ ಇದ್ದರೆ ಎರಡಕ್ಕೂ ಹಿಸ್ಟರಿ ಬೇರೆ ಬೇರೆ. ಇದು ಗೊತ್ತಿಲ್ಲದೆ ಸುಮ್ನೆ ತಲೆ ಕೆಡಿಸಿಕೊಳ್ಳುವವರು ಜಾಸ್ತಿ. ಬೇರೊಂದು ಜಾಲತಾಣದ ಪುಟದೊಳಗೆ ಅಂಟಿಸಿದ ವಿಡಿಯೊ ನೋಡಿದ್ದರೆ, ಆ ಬ್ರೌಸರಿನಲ್ಲಿ ನೀವು ಲಾಗಿನ್ ಆಗಿರದಿದ್ದರೆ ಅಥವಾ ಬ್ರೌಸರು ಹೊರಗಿನ ಕುಕಿಗಳನ್ನು ತಡೆದಿದ್ದರೆ, ನೋಡಿದ್ದು ನೀವು ಎಂದು ಯೂಟ್ಯೂಬ್‌ಗೆ ಗೊತ್ತಾಗುವುದಿಲ್ಲ.

ತಾನಾಗಿ ಅಳಿಸುವ ವ್ಯವಸ್ಥೆಯ ಮೇಲೂ ಕೆಲವರಿಗೆ ಅನುಮಾನ ಬರುತ್ತದೆ. ಅದು 3, 18 ಅಥವಾ 36 ತಿಂಗಳಿಗಿಂತ ಹಳೆಯದನ್ನು ತೆಗೆಯುತ್ತದೆ, ಅಲ್ವಾ? ನಿನ್ನೆ ರಾತ್ರಿಯ ವಿಡಿಯೊ ಕಾಣೆಯಾದದ್ದಕ್ಕೆ ಅದನ್ನು ದೂರುವಂತಿಲ್ಲ.

ಕೊನೆಗೆ, ಆನ್ ಮಾಡಲು ಹೋದರೆ ಆಗುತ್ತಲೇ ಇಲ್ಲ ಎನ್ನುವವರೂ ಇದ್ದಾರೆ. ಖಾತೆ ಶಾಲೆ ಅಥವಾ ಕಚೇರಿ ಕೊಟ್ಟದ್ದಾಗಿದ್ದರೆ, ಅದನ್ನು ನಡೆಸುವವರು ಅಲ್ಲಿಂದಲೇ ಹಿಸ್ಟರಿಯನ್ನು ನಿಲ್ಲಿಸಿರಬಹುದು. ಮಕ್ಕಳಿಗೆ ಮಾಡಿಕೊಟ್ಟ ಮೇಲ್ವಿಚಾರಣೆಯ ಖಾತೆಯಲ್ಲಿ ತಂದೆ ತಾಯಿ ತಮ್ಮ ಖಾತೆಯಿಂದಲೇ ಪಾಸ್ ಮಾಡಬಹುದು. ಆಗ ನಿಮ್ಮ ಫೋನಿನಲ್ಲಿ ಎಷ್ಟು ಒತ್ತಿದರೂ ಪ್ರಯೋಜನವಿಲ್ಲ. ಯಾರ ಕೈಯಲ್ಲಿ ಆ ಸ್ವಿಚ್ ಇದೆಯೋ ಅವರನ್ನೇ ಕೇಳಿ.

ನಮಸ್ಕಾರ.