ಬೀಗ ಹಾಕಿದ ಮನೆಗೆ ಯಾವ ಗಿಡ?

ಕೇಳುಗರಿಗೆ ನಮಸ್ಕಾರ.

ಗೃಹಪ್ರವೇಶಕ್ಕೆ, ಹುಟ್ಟುಹಬ್ಬಕ್ಕೆ ಗಿಡ ಕೊಡುವ ರೂಢಿ ಈಗ ಮಂಗಳೂರು, ಉಡುಪಿಯಲ್ಲೂ ಚೆನ್ನಾಗಿ ಬೇರೂರಿದೆ. ಆದರೆ ನೀವು ಗಿಡ ಕೊಡಬೇಕಾದವರ ಫ್ಲ್ಯಾಟಿನ ಕಿಟಕಿಯಾಚೆ ಪಕ್ಕದ ಕಟ್ಟಡದ ಗೋಡೆಯೇ ಕಾಣುತ್ತದೆ, ಮನೆಯವರು ತಿಂಗಳಲ್ಲಿ ಮೂರು ವಾರ ಬೆಂಗಳೂರಿನಲ್ಲೋ ದುಬೈಯಲ್ಲೋ ಇರುತ್ತಾರೆ ಎಂದಾದರೆ ಏನು ಕೊಡುವುದು? ನೀರು ಬೇಡದ ಗಿಡ ಎಂದು ಹೆಚ್ಚಿನವರು ಕಳ್ಳಿಯ ಕುಂಡ ಕೊಡುತ್ತಾರೆ. ಕಳ್ಳಿಗೆ ನೀರು ಕಡಿಮೆ ಸಾಕು ಎನ್ನುವುದು ನಿಜವೇ. ಆದರೆ ಅದಕ್ಕೆ ದಿನಕ್ಕೆ ಕೆಲವು ಗಂಟೆ ಒಳ್ಳೆಯ ಬಿಸಿಲು ಬೇಕೇ ಬೇಕು. ನೆರಳಿನ ಕೋಣೆ, ಮೇಲಿಂದ ನಮ್ಮ ಮಳೆಗಾಲದ ತೇವ, ಎರಡೂ ಸೇರಿದರೆ ಬುಡ ಮೆತ್ತಗಾಗಿ ಕೊಳೆತುಹೋಗುತ್ತದೆ.

ಬಾಟಲಿ ನೀರಿನಲ್ಲಿ ಇಟ್ಟ ಮನಿಪ್ಲಾಂಟ್ ಕೊಡುವವರೂ ಇದ್ದಾರೆ. ಅದು ನೆರಳಿಗೆ ಹೊಂದಿಕೊಳ್ಳುವ ಗಿಡವೇ ಹೌದು. ಆದರೆ ಬೀಗ ಹಾಕಿದ ಮನೆಗೆ ಮಾತ್ರ ಅದು ಬೇಡ. ಡೆಂಗಿ ಹರಡುವ ಈಡಿಸ್ ಸೊಳ್ಳೆ ಮೊಟ್ಟೆ ಇಡುವುದು ಇಂಥ ನಿಂತ ತಿಳಿನೀರಿನಲ್ಲಿಯೇ. ನಮ್ಮ ಊರಿನ ಸೆಖೆಯಲ್ಲಿ ಆ ಮೊಟ್ಟೆ ಹಾರುವ ಸೊಳ್ಳೆಯಾಗಲು ಸುಮಾರು ಹತ್ತು ದಿನ ಸಾಕು. ವಾರಕ್ಕೊಮ್ಮೆ ನೀರು ಚೆಲ್ಲಿ ಬಾಟಲಿ ತಿಕ್ಕಿ ತೊಳೆಯಲು ಮನೆಯಲ್ಲಿ ಜನ ಬೇಕಲ್ಲ.

ನಾನು ಇಂಥ ಮನೆಗೆ ಆರಿಸುವುದು ಝೀಝೀ ಗಿಡ. ನರ್ಸರಿಯಲ್ಲಿ ಅದೇ ಹೆಸರಲ್ಲಿ ಕೇಳಿ. ಮೂಲದಲ್ಲಿ ಇದು ಪೂರ್ವ ಆಫ್ರಿಕಾದ್ದು. ದಪ್ಪ ದಂಟು, ಅದರ ಎರಡೂ ಬದಿಗೆ ಎಣ್ಣೆ ಸವರಿದಂತೆ ಹೊಳೆಯುವ ಕಡುಹಸಿರು ಎಲೆ. ಮಣ್ಣಿನೊಳಗೆ ಗಟ್ಟಿಯಾದ ಗೆಡ್ಡೆಗಳಿವೆ, ಗಿಡ ನೀರು ಕೂಡಿಡುವುದು ಅಲ್ಲಿ. ಬೆಳೆದ ಗಿಡಕ್ಕೆ ನೆರಳಿನಲ್ಲಿ ಒಂದು ತಿಂಗಳು ನೀರು ಸಿಗದಿದ್ದರೆ ಏನೂ ಆಗುವುದಿಲ್ಲ.

ಹಾಗಿದ್ದರೂ ಕರಾವಳಿಯಲ್ಲಿ ಈ ಗಿಡವೂ ಸಾಯುತ್ತದೆ. ಸಾಯುವುದು ಬಾಯಾರಿ ಅಲ್ಲ, ನೀರು ಹೆಚ್ಚಾಗಿ. ಬೆಳಕು ಕಡಿಮೆಯಾದಷ್ಟೂ ಗಿಡ ನೀರು ಹೀರುವುದು ಕಡಿಮೆ. ಹೊರಗಿನ ಗಾಳಿಯಲ್ಲೂ ತೇವ ತುಂಬಿರುವಾಗ ಕುಂಡದ ಮಣ್ಣು ಒಣಗುವುದೇ ಇಲ್ಲ. ಬೇರಿಗೆ ಉಸಿರು ಸಿಗದೆ ಕೊಳೆ ಹಿಡಿಯುತ್ತದೆ. ಹಾಗಾಗಿ ಗಿಡ ಯಾವುದು ಎನ್ನುವಷ್ಟೇ ಮುಖ್ಯ, ಅದನ್ನು ಯಾವ ಮಣ್ಣಿನಲ್ಲಿ, ಎಂಥ ಕುಂಡದಲ್ಲಿ ಕೊಡುತ್ತೇವೆ ಎನ್ನುವುದು.

ಪರಿಚಯದ ಹುಡುಗಿಯೊಬ್ಬಳಿಗೆ ಬಿಜೈಯಲ್ಲಿ ಎರಡನೇ ಮಹಡಿಯ ಫ್ಲ್ಯಾಟು. ಹಾಲಿನ ಕಿಟಕಿ ಉತ್ತರಕ್ಕೆ. ಕೆಲಸದ ಮೇಲೆ ಅವಳು ವಾರಗಟ್ಟಲೆ ಊರಲ್ಲಿರುವುದಿಲ್ಲ. ಅವಳ ಗೃಹಪ್ರವೇಶಕ್ಕೆ ಗಿಡ ಸಿದ್ಧಪಡಿಸಿದ ಬಗೆಯನ್ನೇ ಹೇಳುತ್ತೇನೆ, ಕೇಳಿ.

ಮೊದಲು ಬೆಳಕು ನೋಡಿದ್ದು. ಗಿಡ ಇಡುವ ಜಾಗದಲ್ಲಿ ಮಧ್ಯಾಹ್ನ ಒಂದು ಬಿಳಿ ಹಾಳೆ ಇಟ್ಟು, ಒಂದಡಿ ಮೇಲೆ ಕೈ ಹಿಡಿಯಬೇಕು. ಮಸುಕಾದ ನೆರಳಾದರೂ ಬಿದ್ದರೆ ಝೀಝೀ ಅಲ್ಲಿ ಬಾಳುತ್ತದೆ. ನೆರಳೇ ಬೀಳದ ಮೂಲೆಯಲ್ಲಿ ಯಾವ ಗಿಡವೂ ಉಳಿಯುವುದಿಲ್ಲ, ಅಂಥ ಕಡೆ ಗಿಡ ಕೊಡಲೇಬೇಡಿ. ಅವಳ ಮನೆಯಲ್ಲಿ ಕಿಟಕಿಯಿಂದ ನಾಲ್ಕಡಿ ದೂರದ ತನಕ ಮಸುಕು ನೆರಳು ಬಿತ್ತು, ಸಾಕಾಯಿತು. ಊರಿಗೆ ಹೋಗುವಾಗ ಆ ಕಿಟಕಿಯ ಪರದೆ ಮಾತ್ರ ಎಳೆಯಬೇಡ ಎಂದೆ.

ನರ್ಸರಿಯಿಂದ ತಂದ ಗಿಡ ಹೆಚ್ಚಾಗಿ ಅಂಟು ಕೆಂಪುಮಣ್ಣಿನಲ್ಲಿರುತ್ತದೆ. ಮಳೆ ನೀರು ಕುಡಿದರೆ ಅದು ಕೆಸರು, ಒಣಗಿದರೆ ಇಟ್ಟಿಗೆ. ಅದನ್ನು ಮೆಲ್ಲಗೆ ಉದುರಿಸಿ ಗೆಡ್ಡೆ ಮುಟ್ಟಿ ನೋಡಿದೆ, ಎಲ್ಲ ಗಟ್ಟಿಯಾಗಿದ್ದವು. ಹೊಸ ಮಿಶ್ರಣಕ್ಕೆ ಒಂದು ಪಾಲು ಕೆಂಪುಮಣ್ಣು, ಒಂದು ಪಾಲು ತೆಂಗಿನ ನಾರಿನ ಪುಡಿ, ಎರಡು ಪಾಲು ದೊರಗು ವಸ್ತು. ದೊರಗು ಎಂದರೆ ದಪ್ಪ ಹೊಯ್ಗೆ, ಇಟ್ಟಿಗೆ ಚೂರು, ಗೆರಟೆಯ ಇದ್ದಿಲ ಚೂರು, ಮೂರನ್ನೂ ಬೆರೆಸಿದ್ದು. ಹೊಯ್ಗೆ ಹೊಳೆಯದ್ದೇ ಆಗಬೇಕು. ಮನೆ ಹತ್ತಿರವೇ ಕಡಲಿದೆ ಎಂದು ಅಲ್ಲಿಯ ಮರಳು ತಂದು ಹಾಕಬೇಡಿ, ಅದರಲ್ಲಿ ಉಪ್ಪಿದೆ. ನಾರಿನ ಪುಡಿಯನ್ನೂ ಇದಕ್ಕಿಂತ ಹೆಚ್ಚಿಸಬೇಡಿ, ಅದು ನೀರು ಹಿಡಿದಿಟ್ಟುಕೊಳ್ಳುತ್ತದೆ.

ಕುಂಡ ಬೇರಿನ ಗುಂಪಿಗಿಂತ ಒಂದೇ ಇಂಚು ಅಗಲವಿದ್ದರೆ ಸಾಕು. ದೊಡ್ಡದಾದರೆ ಬೇರಿಲ್ಲದ ಮಣ್ಣು ಸುತ್ತಲೂ ಒದ್ದೆಯಾಗಿಯೇ ಉಳಿಯುತ್ತದೆ. ತಳದಲ್ಲಿ ತೂತು ಬೇಕು. ಉಡುಗೊರೆ ಎಂದ ಮೇಲೆ ಚಂದದ ಪಿಂಗಾಣಿ ಕುಂಡ ಬೇಕೆನಿಸುವುದು ಸಹಜ, ಆದರೆ ಅವುಗಳಲ್ಲಿ ಎಷ್ಟೋ ಕುಂಡಗಳಿಗೆ ತೂತೇ ಇಲ್ಲ. ಅದಕ್ಕೆ ಗಿಡವನ್ನು ತೂತಿರುವ ಪ್ಲಾಸ್ಟಿಕ್ ಕುಂಡದಲ್ಲಿ ನೆಟ್ಟು, ಪಿಂಗಾಣಿಯೊಳಗೆ ಇಳಿಸಿದೆ. ನೀರು ಹಾಕುವಾಗ ಒಳಗಿನದನ್ನು ಎತ್ತಿ ಸಿಂಕಿನಲ್ಲಿಟ್ಟು ಹಾಕುವುದು, ಪೂರ್ತಿ ಬಸಿದ ಮೇಲೆ ವಾಪಸ್ ಇಡುವುದು. ಹೊರಗಿನ ಕುಂಡದಲ್ಲಿ ನೀರು ನಿಲ್ಲದಿದ್ದರೆ ಸೊಳ್ಳೆಯ ಕಾಟವೂ ಇಲ್ಲ.

ನೀರು ಯಾವಾಗ ಎನ್ನುವುದಕ್ಕೆ ಹಿಡಿಸೂಡಿಯ ಒಂದು ಕಡ್ಡಿಯನ್ನೇ ಕುಂಡದ ಜೊತೆ ಕಟ್ಟಿ ಕೊಟ್ಟೆ. ಕಡ್ಡಿಯನ್ನು ಅಂಚಿನ ಪಕ್ಕದಿಂದ ತಳದವರೆಗೆ ಚುಚ್ಚಿ, ಐದು ನಿಮಿಷ ಬಿಟ್ಟು ಎಳೆಯಿರಿ. ಕಡ್ಡಿ ಕಪ್ಪಾಗಿ ಒದ್ದೆಯಾಗಿ, ಮಣ್ಣು ಅಂಟಿಕೊಂಡು ಬಂದರೆ ನೀರು ಬೇಡ. ಒಣಗಿ ಬಂದರೆ ತಳದಿಂದ ಸುರಿಯುವಷ್ಟು ಹಾಕಿ. ಮೇಲಿನ ಮಣ್ಣು ಒಣಗಿದ್ದನ್ನು ಕಂಡು ನೀರು ಹಾಕುವುದೇ ದೊಡ್ಡ ಅಪಾಯ, ಗೆಡ್ಡೆ ಇರುವ ಕಡೆ ಇನ್ನೂ ಹಸಿಯಾಗಿರುತ್ತದೆ. ನೆರಳಿನ ಕೋಣೆಯಲ್ಲಿ ಏಪ್ರಿಲ್‌, ಮೇ ತಿಂಗಳಲ್ಲಿ ಮೂರು ವಾರಕ್ಕೊಮ್ಮೆ ನೀರು ಬೇಕಾದೀತು. ಆಟಿ ತಿಂಗಳ ಮಳೆಯಲ್ಲಿ ಒಂದೂವರೆ ತಿಂಗಳಾದರೂ ಕಡ್ಡಿ ಒದ್ದೆಯಾಗಿ ಬರುವುದುಂಟು. ಆಗ ಹಾಗೇ ಬಿಡಿ. ಊರಿಗೆ ಹೊರಡುವ ದಿನ "ಪಾಪ, ಒಂದು ತಂಬಿಗೆ ಹಾಕಿ ಹೋಗೋಣ" ಎನ್ನುವ ಪ್ರೀತಿಯೂ ಬೇಡ.

ಕೆಟ್ಟಿದೆ ಎಂದು ತಿಳಿಯುವುದು ಹೇಗೆ? ಕೆಳಗಿನ ಒಂದೆರಡು ಎಲೆ ಅಪರೂಪಕ್ಕೆ ಹಳದಿಯಾದರೆ ಅದು ಮುಪ್ಪು. ಒಂದೇ ವಾರದಲ್ಲಿ ಹಲವು ಎಲೆ ಹಳದಿಯಾಗಿ, ದಂಟಿನ ಬುಡ ಒತ್ತಿದರೆ ಮೆತ್ತಗಿದ್ದು, ಮಣ್ಣು ಹುಳಿವಾಸನೆ ಹೊಡೆದರೆ ಕೊಳೆ. ಕೂಡಲೇ ಗಿಡ ಹೊರತೆಗೆದು, ಮೆತ್ತಗಾದ ಗೆಡ್ಡೆಯನ್ನು ಚಾಕುವಿನಿಂದ ಕತ್ತರಿಸಿ ಬಿಸಾಡಿ. ಉಳಿದದ್ದನ್ನು ಒಂದೆರಡು ದಿನ ನೆರಳಿನಲ್ಲಿ ಒಣಗಿಸಿ, ಹೊಸ ಒಣ ಮಿಶ್ರಣದಲ್ಲಿ ನೆಟ್ಟು ಒಂದು ವಾರ ನೀರೇ ಹಾಕಬೇಡಿ. ನಿಜವಾಗಿ ಬಾಯಾರಿದ ಗಿಡದ ದಂಟು ಸುಕ್ಕುಗಟ್ಟುತ್ತದೆ. ಅದು ಒಂದು ಸಲ ಚೆನ್ನಾಗಿ ನೀರು ಕುಡಿದರೆ ಸರಿಹೋಗುತ್ತದೆ.

ಇನ್ನು ಎಷ್ಟೋ ತಿಂಗಳು ಒಂದು ಚಿಗುರೂ ಬರದಿದ್ದರೆ ಗೊಬ್ಬರ ಸುರಿಯಲು ಹೋಗಬೇಡಿ. ಕಡಿಮೆ ಬೆಳಕಿನಲ್ಲಿ ಈ ಗಿಡದ ನಡೆಯೇ ಅಷ್ಟು ನಿಧಾನ. ದಂಟುಗಳು ಕಿಟಕಿಯ ಕಡೆ ವಾಲಿ, ಎಲೆಗಳ ನಡುವಿನ ಅಂತರ ಹೆಚ್ಚುತ್ತಿದ್ದರೆ ಮಾತ್ರ ಕುಂಡವನ್ನು ಇನ್ನೂ ಒಂದಡಿ ಬೆಳಕಿನತ್ತ ಸರಿಸಿ. ಬಾಲ್ಕನಿಯ ಪಡುವಣ ಬಿಸಿಲಿಗೆ ಒಮ್ಮೆಲೇ ಇಟ್ಟರೆ ಎಲೆ ಸುಡುತ್ತದೆ.

ಕೊಡುವ ಮೊದಲು ಆ ಮನೆಯಲ್ಲಿ ಅಂಬೆಗಾಲಿಡುವ ಮಗುವೋ ಬೆಕ್ಕೋ ಇದೆಯೇ ಎಂದು ಕೇಳಿಕೊಳ್ಳಿ. ಝೀಝೀಯ ಎಲೆ, ದಂಟಿನಲ್ಲಿ ಕ್ಯಾಲ್ಸಿಯಂ ಆಕ್ಸಲೇಟ್ ಹರಳುಗಳಿವೆ, ಕಚ್ಚಿದರೆ ಬಾಯಿ ಉರಿದು ಊದಿಕೊಳ್ಳುತ್ತದೆ. ಸ್ನೇಕ್ ಪ್ಲಾಂಟ್ ಕೂಡ ನೆರಳಿಗೆ ಒಗ್ಗುವ ಗಟ್ಟಿ ಗಿಡ, ಇದೇ ಮಣ್ಣು, ಇದೇ ಕಡ್ಡಿ ಪರೀಕ್ಷೆ ಅದಕ್ಕೂ ಸಾಕು. ಆದರೆ ಬೆಕ್ಕು ತಿಂದರೆ ವಾಂತಿ ಅದರಿಂದಲೂ ತಪ್ಪಿದ್ದಲ್ಲ. ಅಂಥ ಮನೆಯಾದರೆ ಎತ್ತರದ ಕಪಾಟಿನ ಮೇಲೆ ಇಡುವಷ್ಟು ಸಣ್ಣ ಕುಂಡವನ್ನೇ ಕೊಡಿ, ಇಡುವ ಜಾಗವನ್ನೂ ನೀವೇ ತೋರಿಸಿ ಬನ್ನಿ.

ನಮಸ್ಕಾರ.