83 ಪೈಸೆ ಬಡ್ಡಿ ಒಂದೂವರೆ ರೂಪಾಯಿ ಆಗುವುದು ಹೇಗೆ

ನಮಸ್ಕಾರ. ಸೋಮವಾರಪೇಟೆಯಿಂದ ಮಾತಾಡುತ್ತಿದ್ದೇನೆ. ಇವತ್ತು ಸಾಲದ ಲೆಕ್ಕ. ಪಕ್ಕದ ತೋಟದ ಅಣ್ಣ ಒಬ್ಬರು ಹೋದ ವಾರ ಎರಡು ಕಾಗದ ಹಿಡಿದುಕೊಂಡು ನಮ್ಮ ಮನೆಗೆ ಬಂದಿದ್ದರು. ಕಾಫಿ ಮೂಟೆ, ಗೊಬ್ಬರ ಸಾಗಿಸೋದಕ್ಕೆ ಒಂದು ಸೆಕೆಂಡ್ ಹ್ಯಾಂಡ್ ಪಿಕಪ್ ನೋಡಿದ್ದಾರೆ. ಅದಕ್ಕೆ ಮೂರು ಲಕ್ಷ ಸಾಲ ಬೇಕು, ಮೂರು ವರ್ಷಕ್ಕೆ.

ಒಂದು ಬ್ಯಾಂಕಿನವರು ನೂರಕ್ಕೆ 13 ಅಂದಿದ್ದಾರೆ. ಇನ್ನೊಂದು ಫೈನಾನ್ಸ್ ಕಂಪನಿಯ ಏಜೆಂಟ್ ಮನೆಗೇ ಬಂದು ನೂರಕ್ಕೆ 10 ಅಂದಿದ್ದಾನೆ. "ಬಡ್ಡಿ ಬರೀ 83 ಪೈಸೆ ಅಣ್ಣ" ಅಂತ ಹೇಳಿದ್ದಾನೆ. ವರ್ಷಕ್ಕೆ 10 ಅಂದರೆ ತಿಂಗಳಿಗೆ ನೂರಕ್ಕೆ 83 ಪೈಸೆ ಅಲ್ವಾ, ಆ ಲೆಕ್ಕ.

"ಇದರಲ್ಲಿ ಯೋಚನೆ ಮಾಡೋದು ಏನಿದೆ ತಮ್ಮ, 13ಕ್ಕಿಂತ 10 ಕಡಿಮೆ ತಾನೆ?" ಅಂದರು. ಸಹಿ ಹಾಕೋದೊಂದು ಬಾಕಿ ಇತ್ತು.

ನಾನು ಹೇಳಿದೆ: ಇಲ್ಲ ಅಣ್ಣ, ಇಲ್ಲಿ 13 ಕಡಿಮೆ, 10 ಜಾಸ್ತಿ.

ಅವರು ನಂಬಲಿಲ್ಲ. ಅದರಲ್ಲಿ ಅವರ ತಪ್ಪು ಏನೂ ಇಲ್ಲ. ನಮ್ಮ ಕಡೆ ಬಡ್ಡಿಯ ಲೆಕ್ಕ ನಮಗೆ ಬಂದಿರೋದು ಬೇರೆ ದಾರಿಯಿಂದ. ಕಾಫಿ ಬೆಳೆಗಾರರ ಕೈಗೆ ದುಡ್ಡು ಬರೋದು ವರ್ಷಕ್ಕೆ ಒಂದು ಸಲ. ಕೊಯ್ಲು ಮುಗಿಯಬೇಕು, ಒಣಗಬೇಕು, ಮಾರಬೇಕು. ಸಾಲ ತಂದರೆ ಕಾಫಿ ಮಾರಿದ ಮೇಲೆ ಒಟ್ಟಿಗೆ ತೀರಿಸುತ್ತೇವೆ. ಒಂದು ಲಕ್ಷ ತಂದರೆ ವರ್ಷ ಪೂರ್ತಿ ಆ ಒಂದು ಲಕ್ಷ ನಮ್ಮ ಹತ್ತಿರವೇ ಇರುತ್ತದೆ. ವರ್ಷದ ಕೊನೆಗೆ ಒಂದು ಲಕ್ಷದ ಹತ್ತು ಸಾವಿರ ಕೊಡುತ್ತೇವೆ. ಇದು ನಿಜವಾಗಿಯೂ ನೂರಕ್ಕೆ 10. ಇದರಲ್ಲಿ ಮೋಸ ಇಲ್ಲ.

ಆದರೆ ತಿಂಗಳ ಕಂತು ಶುರುವಾದ ಕೂಡಲೇ ಈ ಲೆಕ್ಕ ಮುರಿಯುತ್ತದೆ. ಏಕೆಂದರೆ ಪ್ರತಿ ಕಂತಿನಲ್ಲೂ ನೀವು ಬಡ್ಡಿಯ ಜೊತೆ ಸ್ವಲ್ಪ ಅಸಲನ್ನೂ ವಾಪಸ್ ಕೊಡುತ್ತಿದ್ದೀರಿ. ಅಸಲು ತಿಂಗಳು ತಿಂಗಳು ಕರಗುತ್ತಿದೆ. ಹಾಗಾದರೆ ಬಡ್ಡಿಯೂ ಕರಗಬೇಕು. ಉಳಿದ ಅಸಲಿನ ಮೇಲೆ ಮಾತ್ರ ಬಡ್ಡಿ ಹಾಕಿದರೆ ಅದು ರೆಡ್ಯೂಸಿಂಗ್ ಬ್ಯಾಲೆನ್ಸ್. ಮೊದಲ ದಿನ ಕೊಟ್ಟ ಪೂರ್ತಿ ಮೊತ್ತದ ಮೇಲೇ ಕೊನೆಯ ತಿಂಗಳವರೆಗೂ ಬಡ್ಡಿ ಹಾಕಿದರೆ ಅದು ಫ್ಲಾಟ್ ರೇಟ್. ಆ ಏಜೆಂಟ್ ಹೇಳಿದ 10 ಫ್ಲಾಟ್. ಬ್ಯಾಂಕಿನ 13 ರೆಡ್ಯೂಸಿಂಗ್.

ಅಣ್ಣನ ಲೆಕ್ಕವನ್ನೇ ಮಾಡೋಣ. ಮೂರು ಲಕ್ಷಕ್ಕೆ ಫ್ಲಾಟ್ 10 ಅಂದರೆ ವರ್ಷಕ್ಕೆ 30,000 ಬಡ್ಡಿ. ಮೂರು ವರ್ಷಕ್ಕೆ 90,000. ಒಟ್ಟು 3,90,000. ಅದನ್ನು 36 ತಿಂಗಳಿಗೆ ಹಂಚಿದರೆ ಕಂತು 10,833 ರೂಪಾಯಿ. ಏಜೆಂಟಿನ ಮಾತಿನ ಪ್ರಕಾರ ಈ ಕಂತಿನಲ್ಲಿ 8,333 ಅಸಲು, 2,500 ಬಡ್ಡಿ.

ಈಗ ಕೊನೆಯ ತಿಂಗಳಿಗೆ ಬನ್ನಿ. 35 ಕಂತು ಕಟ್ಟಾಗಿದೆ. ಅವರದೇ ಲೆಕ್ಕದಲ್ಲಿ ಉಳಿದಿರೋ ಅಸಲು 8,333 ರೂಪಾಯಿ. ಅದರ ಮೇಲೆ ಒಂದು ತಿಂಗಳಿಗೆ ಕೇಳುತ್ತಿರೋ ಬಡ್ಡಿ 2,500. ಅಂದರೆ ನೂರಕ್ಕೆ 30 ರೂಪಾಯಿ. ವರ್ಷಕ್ಕಲ್ಲ, ಆ ಒಂದು ತಿಂಗಳಿಗೆ. ಅಣ್ಣ ಇಲ್ಲಿಗೆ ಬಂದಾಗ ಕಾಗದ ಕೆಳಗಿಟ್ಟರು.

ಬ್ಯಾಂಕಿನ 13ರಲ್ಲಿ ಅದೇ ಮೂರು ಲಕ್ಷ, ಅದೇ 36 ತಿಂಗಳು. ಕಂತು ಸುಮಾರು 10,108. ಒಟ್ಟು ಬಡ್ಡಿ 63,900ರ ಆಸುಪಾಸು. ಆ ಕಡೆ 90,000, ಈ ಕಡೆ 63,900. "ಜಾಸ್ತಿ ಬಡ್ಡಿ" ಅಂದುಕೊಂಡ ಸಾಲದಲ್ಲಿ 26,000 ರೂಪಾಯಿ ಉಳಿಯುತ್ತದೆ.

ಹಾಗಾದರೆ ಆ ಫ್ಲಾಟ್ 10ರ ನಿಜವಾದ ದರ ಎಷ್ಟು? ರೆಡ್ಯೂಸಿಂಗ್ ಲೆಕ್ಕಕ್ಕೆ ತಂದರೆ ವರ್ಷಕ್ಕೆ 17.9. ತಿಂಗಳಿಗೆ ನೂರಕ್ಕೆ ಒಂದೂವರೆ ರೂಪಾಯಿ. 83 ಪೈಸೆ ಅಂತ ಹೇಳಿ ಒಂದೂವರೆ ರೂಪಾಯಿ ತೆಗೆದುಕೊಳ್ಳುತ್ತಾರೆ. ಊರಲ್ಲಿ ಕೈಸಾಲ ಕೊಡುವವರು ಒಂದೂವರೆ ರೂಪಾಯಿ ಬಡ್ಡಿ ಅಂದರೆ ನಾವು ಎರಡು ಸಲ ಯೋಚನೆ ಮಾಡುತ್ತೇವೆ. ಇಲ್ಲಿ ಯೋಚನೆಯೇ ಮಾಡಲ್ಲ. ನನಗೆ ಸಿಟ್ಟು ಬರೋದು ಇದಕ್ಕೇ.

ಇದನ್ನು ನೀವೇ ಫೋನಿನಲ್ಲಿ ನೋಡಬಹುದು. ಗೂಗಲ್ ಶೀಟ್ಸ್ ಆಗಲಿ, ಎಕ್ಸೆಲ್ ಆಗಲಿ, ಒಂದು ಖಾಲಿ ಚೌಕದಲ್ಲಿ ಹೀಗೆ ಬರೆಯಿರಿ:

```
=RATE(36,-10833,300000)*12
```

ಮೊದಲು ಎಷ್ಟು ಕಂತು, ಆಮೇಲೆ ಕಂತಿನ ಮೊತ್ತ, ಆಮೇಲೆ ಸಾಲ. ಕಂತಿನ ಮೊತ್ತ ಬರೆಯೋಕೆ ಮೊದಲು ಮೈನಸ್ ಗುರುತು ಹಾಕೋದು ಮರೀಬೇಡಿ, ಅದು ನಿಮ್ಮ ಕೈಯಿಂದ ಹೋಗೋ ದುಡ್ಡು. ಉತ್ತರ 0.179 ಅಂತ ಬರುತ್ತದೆ, ಅಂದರೆ 17.9. ಶೀಟ್ 18% ಅಂತ ತೋರಿಸಿದರೆ ಗಾಬರಿ ಬೇಡ, ಅದು ದುಂಡಾಗಿಸಿರೋದು.

ಫೋನಿನಲ್ಲಿ ಇದೆಲ್ಲ ಆಗಲ್ಲ ಅನ್ನೋರಿಗೆ ಬಾಯಿಲೆಕ್ಕ ಒಂದಿದೆ. ಒಂದರಿಂದ ಐದು ವರ್ಷದ ಸಾಲಕ್ಕೆ, ಫ್ಲಾಟ್ ದರ 10ರ ಆಚೀಚೆ ಇದ್ದರೆ, ಅದನ್ನು 1.8ರಿಂದ ಗುಣಿಸಿ. ಸರಿಸುಮಾರು ನಿಜದ ದರ ಬರುತ್ತದೆ. ದರ ತೀರಾ ಜಾಸ್ತಿ ಇದ್ದರೆ, ಅವಧಿ ಉದ್ದ ಇದ್ದರೆ, ಈ 1.8 ಸ್ವಲ್ಪ ಇಳಿಯುತ್ತದೆ. ಆದರೂ ಏಜೆಂಟ್ ಎದುರಿಗೆ ಕೂತಿರುವಾಗ ಅಷ್ಟು ಸಾಕು.

ಇಲ್ಲಿಗೆ ಮುಗಿಯಲಿಲ್ಲ. ಫೈನಾನ್ಸ್ ಕಂಪನಿ ಅಣ್ಣನಿಗೆ ಕೊಟ್ಟ ಕಾಗದದಲ್ಲಿ ಪ್ರೊಸೆಸಿಂಗ್ ಫೀ ನೂರಕ್ಕೆ 2 ಅಂತ ಇತ್ತು. 6,000 ರೂಪಾಯಿ. ಅದರ ಮೇಲೆ 18ರ ಜಿಎಸ್‌ಟಿ, 1,080. ಇದನ್ನು ಮೊದಲೇ ಹಿಡಿದುಕೊಂಡು ಉಳಿದದ್ದು ಕೊಡುತ್ತಾರೆ. ಕೈಗೆ ಬರೋದು 2,92,920. ಕಂತು ಮಾತ್ರ ಮೂರು ಲಕ್ಷಕ್ಕೇ. ಮೇಲಿನ ಲೆಕ್ಕದಲ್ಲಿ 300000 ಇದ್ದ ಜಾಗಕ್ಕೆ 292920 ಹಾಕಿ ನೋಡಿ. 19.6ರ ಹತ್ತಿರ ಬರುತ್ತದೆ. ಸಾಲದ ಜೊತೆ ಇನ್ಶೂರೆನ್ಸ್ ಸೇರಿಸಿದ್ದರೆ, ಮೊದಲ ಕಂತನ್ನು ಮುಂಗಡವಾಗಿ ಹಿಡಿದುಕೊಂಡರೆ ಇನ್ನೂ ಮೇಲೆ ಹೋಗುತ್ತದೆ. ಬ್ಯಾಂಕಿನ ಫೀಯನ್ನೂ ಹೀಗೇ ಕಳೆದು ನೋಡಬೇಕು, ಅದು ನ್ಯಾಯ.

ಈಗ ನಮ್ಮ ಬೆಳೆಗಾರರಿಗೆ ತುಂಬಾ ಬೇಕಾದ ವಿಷಯ. ನಾವು ಕಾಫಿ ಮಾರಿದಾಗ ಸಾಲವನ್ನು ಬೇಗ ಇಳಿಸೋಣ ಅಂದುಕೊಳ್ಳುತ್ತೇವೆ. ರೆಡ್ಯೂಸಿಂಗ್ ಸಾಲದಲ್ಲಿ ಒಂದು ಸಲ 50,000 ಅಸಲಿಗೆ ಕಟ್ಟಿದರೆ, 13ರ ದರದಲ್ಲಿ ಮುಂದಿನ ತಿಂಗಳ ಬಡ್ಡಿಯಲ್ಲೇ ಸುಮಾರು 540 ರೂಪಾಯಿ ಇಳಿಯುತ್ತದೆ. ಫ್ಲಾಟ್ ಸಾಲದಲ್ಲಿ ಒಟ್ಟು ಬಡ್ಡಿಯನ್ನು ಮೊದಲ ದಿನವೇ ಕಂತಿನೊಳಗೆ ಕೂಡಿಸಿ ಇಟ್ಟಿರುತ್ತಾರೆ. ಮಧ್ಯದಲ್ಲಿ ಸ್ವಲ್ಪ ಕಟ್ಟಿದರೆ ಬಡ್ಡಿ ಇಳಿಯುತ್ತದೋ ಇಲ್ಲವೋ ಅನ್ನೋದು ಕರಾರಿನಲ್ಲಿ ಏನು ಬರೆದಿದ್ದಾರೆ ಅನ್ನೋದರ ಮೇಲೆ ನಿಂತಿದೆ.

ಪೂರ್ತಿ ಮುಗಿಸೋಕೆ ಹೋದಾಗ ಇನ್ನೊಂದು ಪೆಟ್ಟು ಬೀಳುತ್ತದೆ. ಇದು ನನಗೇ ಆಗಿದೆ. ಕೆಲವು ವರ್ಷದ ಹಿಂದೆ ಪಲ್ಪರ್ ತಗೊಳ್ಳೋಕೆ ಇಂಥದ್ದೇ ಸಾಲ ಮಾಡಿದ್ದೆ. ಒಂದು ವರ್ಷ ಕಟ್ಟಿದ ಮೇಲೆ ಮುಗಿಸೋಣ ಅಂತ ಹೋದರೆ, ನಾನು ಅಂದುಕೊಂಡದ್ದಕ್ಕಿಂತ ಬಾಕಿ ಜಾಸ್ತಿ ತೋರಿಸಿದರು. ಜಗಳ ಮಾಡಿ ವಾಪಸ್ ಬಂದೆ. ಮನೆಯಲ್ಲಿ ಕೂತು ಲೆಕ್ಕ ಹಾಕಿದಾಗ ಗೊತ್ತಾಯಿತು.

ಅಣ್ಣನ ಅಂಕಿಗಳಲ್ಲೇ ಹೇಳುತ್ತೇನೆ. 12 ಕಂತು ಕಟ್ಟಿದ ಮೇಲೆ ಅವರ ಮನಸ್ಸಿನ ಲೆಕ್ಕ ಏನು? ತಿಂಗಳಿಗೆ 8,333ರಂತೆ ಒಂದು ಲಕ್ಷ ಅಸಲು ಹೋಯಿತು, ಎರಡು ಲಕ್ಷ ಬಾಕಿ. ಆದರೆ ಕಂಪನಿಯ ಪುಸ್ತಕದಲ್ಲಿ ಸಾಮಾನ್ಯವಾಗಿ ಆ ಸಾಲ ಇರೋದು ಫ್ಲಾಟ್ 10 ಅಂತ ಅಲ್ಲ, ರೆಡ್ಯೂಸಿಂಗ್ 17.9 ಅಂತ. ಆ ಲೆಕ್ಕದಲ್ಲಿ ಮೊದಲ ತಿಂಗಳುಗಳಲ್ಲಿ ಬಡ್ಡಿಗೆ 2,500ಕ್ಕಿಂತ ಜಾಸ್ತಿ ಹೋಗಿರುತ್ತದೆ. ಹಾಗಾಗಿ ಬಾಕಿ 2,17,000. ಅಂದರೆ ಮಾತಾಡುವಾಗ ಫ್ಲಾಟ್, ಮುಗಿಸುವಾಗ ರೆಡ್ಯೂಸಿಂಗ್. 17,000 ರೂಪಾಯಿ ಎಲ್ಲಿಂದ ಬಂತು ಅಂತ ಕೌಂಟರಿನಲ್ಲಿ ಯಾರೂ ಬಿಡಿಸಿ ಹೇಳಲ್ಲ. ಅದರ ಮೇಲೆ ಬೇಗ ಮುಗಿಸಿದ್ದಕ್ಕೆ ಚಾರ್ಜ್ ಬೇರೆ ಇರಬಹುದು.

ಆದರೆ ಸತ್ಯ ಕಾಗದದಲ್ಲೇ ಇರುತ್ತದೆ, ಅದನ್ನು ಹಿಡಿಯೋದೂ ಸುಲಭ. ಕಂತಿನ ಪಟ್ಟಿ ಕೇಳಿ. ಪ್ರತಿ ತಿಂಗಳು ಎಷ್ಟು ಅಸಲು, ಎಷ್ಟು ಬಡ್ಡಿ ಅಂತ ಅದರಲ್ಲಿ ಇರುತ್ತದೆ. ಮೊದಲ ಸಾಲು ಮಾತ್ರ ನೋಡಿ. ಅಣ್ಣನ ಪಟ್ಟಿಯಲ್ಲಿ ಮೊದಲ ತಿಂಗಳ ಬಡ್ಡಿ 2,500 ಇರಲಿಲ್ಲ, 4,480 ಇತ್ತು. ಮೂರು ಲಕ್ಷಕ್ಕೆ ತಿಂಗಳಿಗೆ 4,480 ಅಂದರೆ ನೂರಕ್ಕೆ 1 ರೂಪಾಯಿ 49 ಪೈಸೆ. 83 ಪೈಸೆ ಎಲ್ಲಿ ಹೋಯಿತು?

ಈ ಪಟ್ಟಿ ಕೇಳೋದು ನಿಮ್ಮ ಹಕ್ಕು. ರಿಸರ್ವ್ ಬ್ಯಾಂಕ್ 2024ರ ಏಪ್ರಿಲ್‌ನಲ್ಲಿ ಒಂದು ಸುತ್ತೋಲೆ ಹೊರಡಿಸಿತು. ಅದರ ಪ್ರಕಾರ 2024ರ ಅಕ್ಟೋಬರ್ 1ರಿಂದ ಮಂಜೂರಾಗುವ ರಿಟೇಲ್ ಸಾಲಗಳಿಗೂ ಸಣ್ಣ ಉದ್ಯಮದ ಅವಧಿ ಸಾಲಗಳಿಗೂ ಕೀ ಫ್ಯಾಕ್ಟ್ಸ್ ಸ್ಟೇಟ್‌ಮೆಂಟ್ ಅನ್ನೋ ಕಾಗದವನ್ನು ಮೊದಲೇ ಕೊಡಬೇಕು. ಬ್ಯಾಂಕ್, ಸಹಕಾರಿ ಬ್ಯಾಂಕ್, ಫೈನಾನ್ಸ್ ಕಂಪನಿ ಎಲ್ಲರೂ. ಸಾಲ ಪಡೆಯುವವರಿಗೆ ಅರ್ಥವಾಗುವ ಭಾಷೆಯಲ್ಲಿ ಇರಬೇಕು. ಅದರಲ್ಲಿ ಎಪಿಆರ್ ಅಂತ ಒಂದು ಅಂಕಿ ಇರುತ್ತದೆ. ಬಡ್ಡಿ, ಫೀ, ಅವರ ಮೂಲಕ ವಸೂಲಿಯಾಗುವ ಇನ್ಶೂರೆನ್ಸ್ ಎಲ್ಲ ಸೇರಿ ವರ್ಷಕ್ಕೆ ಬೀಳುವ ನಿಜವಾದ ದರ ಅದು. ಎರಡು ಸಾಲ ಹೋಲಿಸೋಕೆ ಆ ಅಂಕಿಯೇ ಸಾಕು. ಕಂತಿನ ಪಟ್ಟಿಯೂ ಅದರ ಜೊತೆಗೇ ಬರಬೇಕು. ಆ ಕಾಗದದಲ್ಲಿ ಹೇಳದ ಚಾರ್ಜನ್ನು ನಿಮ್ಮ ಒಪ್ಪಿಗೆ ಇಲ್ಲದೆ ಆಮೇಲೆ ಹಾಕುವಂತಿಲ್ಲ. ಊರಿನ ಕೈಸಾಲಕ್ಕೆ ಈ ನಿಯಮ ಬರಲ್ಲ.

ನನ್ನ ಅಭಿಪ್ರಾಯದಲ್ಲಿ ಈ ನಿಯಮ ಒಂದೇ ಸಾಕಾಗಲ್ಲ. ಕಾಗದ ಬರೋದು ಮಾತೆಲ್ಲ ಮುಗಿದ ಮೇಲೆ. ಆಗ ವಾಹನಕ್ಕೆ ಅಡ್ವಾನ್ಸ್ ಕೊಟ್ಟಾಗಿರುತ್ತದೆ, ಮನಸ್ಸು ಒಪ್ಪಿರುತ್ತದೆ. ತಿಂಗಳ ಕಂತಿನ ಸಾಲಕ್ಕೆ ಫ್ಲಾಟ್ ದರ ಒಂದನ್ನೇ ಹೇಳೋದನ್ನು, ಬೋರ್ಡಿನಲ್ಲಿ ಬರೆಯೋದನ್ನು ನಿಲ್ಲಿಸಬೇಕು. ಹೇಳಲೇಬೇಕು ಅಂದರೆ ಅದರ ಪಕ್ಕದಲ್ಲೇ, ಅಷ್ಟೇ ದೊಡ್ಡ ಅಕ್ಷರದಲ್ಲಿ ಎಪಿಆರ್ ಇರಬೇಕು. ಏಜೆಂಟ್ ಬಾಯಲ್ಲಿ 83 ಪೈಸೆ ಬಂದರೆ ಅದೇ ಉಸಿರಿನಲ್ಲಿ ಒಂದೂವರೆ ರೂಪಾಯಿಯೂ ಬರಬೇಕು.

ಇನ್ನೊಂದು ವಿಷಯ. ಏಳು ದಿನ ಅಥವಾ ಅದಕ್ಕಿಂತ ಜಾಸ್ತಿ ಅವಧಿಯ ಸಾಲಕ್ಕೆ ಆ ಕಾಗದದಲ್ಲಿ ಹೇಳಿದ ಷರತ್ತು ಕಡಿಮೆ ಅಂದರೆ ಮೂರು ಕೆಲಸದ ದಿನ ಬದಲಾಗದೆ ಹಾಗೇ ಇರಬೇಕು. "ಇವತ್ತೇ ಸಹಿ ಹಾಕದಿದ್ದರೆ ಆಫರ್ ಹೋಗುತ್ತೆ" ಅಂತ ಅಣ್ಣನಿಗೂ ಹೇಳಿದ್ದರಂತೆ. ಅಣ್ಣ ಮಾರನೇ ದಿನ ಏಜೆಂಟಿಗೆ ಫೋನ್ ಮಾಡಿ, "ಎಪಿಆರ್ ಎಷ್ಟು ಅಂತ ಮೊದಲು ಹೇಳು ಮಾರಾಯ" ಅಂತ ಕೇಳಿದ್ದಾರೆ. ಆಮೇಲೆ ನೋಡಿ ಹೇಳ್ತೀನಿ ಅಂದವನಿಂದ ಇನ್ನೂ ಫೋನ್ ಬಂದಿಲ್ಲ. ಅಣ್ಣ ಬ್ಯಾಂಕಿನ ಕಾಗದ ತಗೊಂಡು ಸೋಮವಾರದ ದಿನ ಪೇಟೆಗೆ ಹೋಗುತ್ತಿದ್ದಾರೆ.