ದಾಸವಾಳದ ಕುಡಿಯಲ್ಲಿ ಹತ್ತಿ ಕಂಡರೆ

ಕೇಳುಗರೇ, ನಮಸ್ಕಾರ.

ತಾರಸಿಯಲ್ಲಿ ದಾಸವಾಳದ ಕುಂಡ ಇಟ್ಟವರಿಗೆ ಈ ನೋಟ ಹೊಸದಲ್ಲ. ಕುಡಿ ಎಲೆ ಮುದುಡಿಕೊಂಡಿರುತ್ತದೆ. ಮೊಗ್ಗು ಅರಳದೆ ಉದುರುತ್ತದೆ. ಎಲೆಯ ತೊಟ್ಟು ಕಾಂಡಕ್ಕೆ ಸೇರುವ ಸಂದಿಯಲ್ಲಿ ಹತ್ತಿಯ ಹಾಗೆ ಬಿಳಿಯದೇನೋ ಅಂಟಿರುತ್ತದೆ. ಅದೇ ಹಿಟ್ಟು ತಿಗಣೆ. ಇವತ್ತು ಹೆಚ್ಚಾಗಿ ಇದರ ಬಗ್ಗೆಯೇ ಮಾತಾಡುತ್ತೇನೆ. ಬಿಳಿ ನೊಣ ಮತ್ತು ಗಿಡಹೇನು ಇದರ ಹತ್ತಿರದ ಬಂಧುಗಳು. ಮೂರೂ ಸೂಜಿಯಂಥ ಬಾಯಿ ಚುಚ್ಚಿ ಗಿಡದ ರಸ ಹೀರುತ್ತವೆ. ಹಿಟ್ಟು ತಿಗಣೆಯನ್ನು ಹಿಡಿತಕ್ಕೆ ತರುವುದು ಗೊತ್ತಾದರೆ ಉಳಿದೆರಡಕ್ಕೆ ಸ್ವಲ್ಪವೇ ಬದಲಾವಣೆ ಸಾಕು.

ಔಷಧಿ ಹುಡುಕುವ ಮೊದಲು ಕುಂಡದ ಹತ್ತಿರ ಕೂತು ಇರುವೆಗಳನ್ನು ನೋಡಿ. ಕಾಂಡದ ಮೇಲೆ ಇರುವೆಗಳು ಸಾಲಾಗಿ ಹತ್ತಿ ಇಳಿಯುತ್ತಿದ್ದರೆ ಮೇಲೆಲ್ಲೋ ರಸ ಹೀರುವ ಹುಳು ಇದೆ ಎಂದೇ ತಿಳಿಯಿರಿ. ಗಿಡದ ರಸದಲ್ಲಿ ಸಕ್ಕರೆ ಜಾಸ್ತಿ. ಹುಳು ತನಗೆ ಬೇಡವಾದ ಸಕ್ಕರೆಯನ್ನು ಅಂಟುನೀರಾಗಿ ಹೊರಗೆ ಬಿಡುತ್ತದೆ. ಇರುವೆ ಬರುವುದು ಅದನ್ನು ನೆಕ್ಕಲು. ಕೆಳಗಿನ ಎಲೆಗಳ ಮೇಲೆ ಮಸಿ ಬಳಿದಂತೆ ಕಪ್ಪು ಬೂಷ್ಟು ಬೆಳೆಯುವುದೂ ಅದೇ ಅಂಟಿನ ಮೇಲೆ. ಸಿಹಿ ಸಿಗುವ ತನಕ ಇರುವೆ ಈ ತಿಗಣೆಗಳನ್ನು ಕಾಯುತ್ತದೆ. ಅವುಗಳನ್ನು ತಿನ್ನಲು ಬರುವ ಹುಳುಗಳನ್ನು ಓಡಿಸುತ್ತದೆ. ಹಾಗಾಗಿ ಇರುವೆಯ ದಾರಿ ಕಡಿಯುವುದು ಮೊದಲ ಕೆಲಸ. ಕುಂಡವನ್ನು ಸ್ಟ್ಯಾಂಡಿನ ಮೇಲೆ ಇಟ್ಟು, ಸ್ಟ್ಯಾಂಡಿನ ಕಾಲುಗಳನ್ನು ನೀರು ತುಂಬಿದ ಬಟ್ಟಲುಗಳಲ್ಲಿ ನಿಲ್ಲಿಸಿ. ಸೊಳ್ಳೆ ಮೊಟ್ಟೆ ಇಡದಂತೆ ಆ ನೀರಿಗೆ ಸ್ವಲ್ಪ ಸೋಪು ಹಾಕಿ. ಗಿಡದ ಕೊಂಬೆ ಗೋಡೆಗೋ ಬಟ್ಟೆ ಒಣಗಿಸುವ ತಂತಿಗೋ ತಾಗಿದ್ದರೆ ಕತ್ತರಿಸಿ. ಇಲ್ಲದಿದ್ದರೆ ಇರುವೆ ಅದನ್ನೇ ಸೇತುವೆ ಮಾಡಿಕೊಳ್ಳುತ್ತದೆ.

ಇನ್ನು ಹುಳುವಿನ ವಿಷಯ. ಒಂದು ಸಲ ಏನನ್ನೋ ಸಿಂಪಡಿಸಿ, ಹತ್ತು ದಿನಕ್ಕೆ ಮತ್ತೆ ಅಷ್ಟೇ ಬಂತು ಎಂದು ತುಂಬ ಜನ ಬೇಸರಪಡುತ್ತಾರೆ. ಅದಕ್ಕೆ ಕಾರಣವಿದೆ. ತಿಗಣೆಯ ಮೈಮೇಲಿರುವ ಬಿಳಿ ಪುಡಿ ಮೇಣ. ನೀರು ಅದರ ಮೇಲೆ ನಿಲ್ಲುವುದಿಲ್ಲ, ಜಾರಿ ಹೋಗುತ್ತದೆ. ಹತ್ತಿಯಂಥ ಚೀಲದೊಳಗೆ ನೂರಾರು ಮೊಟ್ಟೆಗಳಿರುತ್ತವೆ, ಅಲ್ಲಿಗೆ ಸಿಂಪಡಣೆ ಮುಟ್ಟುವುದೇ ಇಲ್ಲ. ಮೊಟ್ಟೆ ಒಡೆದು ಹೊರಬರುವ ಹಳದಿ ಮರಿಗಳಿಗೆ ಮಾತ್ರ ಇನ್ನೂ ಮೇಣ ಬೆಳೆದಿರುವುದಿಲ್ಲ. ಅವು ಎಲೆಯಿಂದ ಎಲೆಗೆ ಹರಿದಾಡುತ್ತವೆ, ಕೆಲವು ಗಾಳಿಗೆ ತೂರಿ ಪಕ್ಕದ ಕುಂಡಕ್ಕೂ ಹೋಗುತ್ತವೆ. ನಾವು ಹಿಡಿಯಬೇಕಾದದ್ದು ಆ ಮರಿಗಳನ್ನು. ಅದಕ್ಕೇ ವಾರಕ್ಕೊಮ್ಮೆಯಂತೆ ನಾಲ್ಕು ವಾರ ಬಿಡದೆ ಮಾಡಬೇಕು.

ಮೊದಲ ದಿನ ಕತ್ತರಿ ಹಿಡಿಯಿರಿ. ತುಂಬ ಮುದುಡಿದ ಕುಡಿಗಳನ್ನು ಕತ್ತರಿಸಿ ತಕ್ಷಣ ಪ್ಲಾಸ್ಟಿಕ್ ಕವರಿಗೆ ಹಾಕಿ, ಬಾಯಿ ಕಟ್ಟಿ ಬಿಸಿಲಿಗಿಡಿ. ಕಾಂಪೋಸ್ಟ್ ಡಬ್ಬಕ್ಕೆ ಹಾಕಬೇಡಿ. ಉಳಿದ ಗಿಡಕ್ಕೆ ಪೈಪಿನಿಂದ ಜೋರಾಗಿ ನೀರು ಹಾಯಿಸಿ, ಎಲೆಯ ತಳಭಾಗಕ್ಕೂ ಬೀಳಲಿ. ನೀರು ಆರಿದ ಮೇಲೆ, ಸಂದಿಯಲ್ಲಿ ಉಳಿದ ಹತ್ತಿಯನ್ನು ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಸೋಪುನೀರಲ್ಲಿ ಉಜ್ಜಿ ತೆಗೆಯಿರಿ. ಔಷಧಿ ಅಂಗಡಿಯ ಸರ್ಜಿಕಲ್ ಸ್ಪಿರಿಟ್‌ನಲ್ಲಿ ಹತ್ತಿ ಅದ್ದಿ ಮುಟ್ಟಿಸಿದರೂ ಮೇಣ ಕರಗಿ ಹುಳು ಸಾಯುತ್ತದೆ. ಆದರೆ ಅದು ಹುಳುವಿಗಷ್ಟೇ ತಾಗಲಿ, ಎಲೆಗೆ ಬಳಿಯಬೇಡಿ. ಬೆಂಕಿಯಿಂದಲೂ ದೂರವಿಡಿ.

ಅವತ್ತೇ ಸಂಜೆ ಸಿಂಪಡಣೆ. ಒಂದು ಲೀಟರ್ ನೀರಿಗೆ 5 ಮಿಲಿ ಬೇವಿನ ಎಣ್ಣೆ, ಅಂದರೆ ಒಂದು ಟೀ ಚಮಚ. ಎಣ್ಣೆ ನೀರಿಗೆ ಬೆರೆಯುವುದಿಲ್ಲ, ಹಾಗಾಗಿ ಮೊದಲು ಸ್ವಲ್ಪ ಬೆಚ್ಚಗಿನ ನೀರಲ್ಲಿ ಎರಡು ಮಿಲಿ ದ್ರವ ಸೋಪು ಹಾಕಿ ಎಣ್ಣೆಯನ್ನು ಕಲಕಿ. ಹಾಲಿನ ಹಾಗೆ ಬಿಳಿಯಾದ ಮೇಲೆ ಉಳಿದ ನೀರು ಸೇರಿಸಿ. ಬಟ್ಟೆ ಒಗೆಯುವ ಪುಡಿ ಬೇಡ, ಅದು ಎಲೆಯನ್ನು ಸುಡುತ್ತದೆ. ಎಣ್ಣೆ ಕಲಕುವ ತಾಪತ್ರಯ ಬೇಡ ಎನ್ನುವವರಿಗೆ ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆ ರೂಪಿಸಿದ ಬೇವಿನ ಸೋಪು, ಹೊಂಗೆ ಸೋಪು ಇವೆ. ಪೊಟ್ಟಣದಲ್ಲಿ ಹೇಳಿದ ಪ್ರಮಾಣದಲ್ಲಿ ನೀರಿಗೆ ಕರಗಿಸಿಕೊಂಡರಾಯಿತು.

ಒಂದು ವಿಷಯ ಬಹಳ ಜನರ ಗಮನಕ್ಕೆ ಬರುವುದಿಲ್ಲ. ಬೋರ್‌ವೆಲ್ ನೀರು ಗಡಸಾಗಿದ್ದರೆ ಸೋಪು ಅದರಲ್ಲಿ ಒಡೆದು ಬಿಳಿ ಗಷ್ಟಾಗುತ್ತದೆ. ನೊರೆ ಬರದಿದ್ದರೆ ಹಾಗಾಗಿದೆ ಎಂದು ತಿಳಿಯಿರಿ. ಅಂಥ ನೀರು ಸಿಂಪಡಿಸಿ ಪ್ರಯೋಜನವಿಲ್ಲ. ಮಳೆನೀರು ಅಥವಾ ಫಿಲ್ಟರ್ ನೀರು ಬಳಸಿ. ಹಿಂದಿನ ದಿನವೇ ಸ್ವಲ್ಪ ಕಲಸಿ ಎರಡು ಎಲೆಗೆ ಹೊಡೆದು ನೋಡಿರಿ. ಎಲೆಯಂಚು ಕಂದದಿದ್ದರೆ ಇಡೀ ಗಿಡಕ್ಕೆ ಹೊಡೆಯಿರಿ. ಎಲೆಯ ತಳದಿಂದ ಹನಿ ತೊಟ್ಟಿಕ್ಕಬೇಕು. ಸೋಪು ಹುಳುವಿನ ಮೈಗೆ ತಾಗಿದರಷ್ಟೇ ಕೆಲಸ ಮಾಡುತ್ತದೆ, ಒಣಗಿದ ಮೇಲೆ ಅದಕ್ಕೆ ಶಕ್ತಿಯಿಲ್ಲ. ಬಿಸಿಲಲ್ಲಿ ಹೊಡೆದರೆ ಬೇಗ ಒಣಗುತ್ತದೆ, ಎಲೆಯೂ ಸುಡುತ್ತದೆ. ಆದ್ದರಿಂದಲೇ ಸಂಜೆ, ಜೇನು ಗೂಡಿಗೆ ಮರಳಿದ ಮೇಲೆ.

ಎರಡನೇ ವಾರ ಮತ್ತೆ ಬಿಳಿ ಚುಕ್ಕೆಗಳು ಕಾಣುತ್ತವೆ. ಗಾಬರಿಯಾಗಬೇಡಿ, ಅವು ಚೀಲದಲ್ಲಿ ಉಳಿದ ಮೊಟ್ಟೆಗಳ ಮರಿಗಳು. ಮೂರನೇ ವಾರ ಹೊಸ ಚಿಗುರು ನೋಡಿ. ಅದು ನೇರವಾಗಿ ಬಿಚ್ಚಿಕೊಂಡರೆ ಗಿಡ ಗೆಲ್ಲುತ್ತಿದೆ. ಹಳೆಯ ಮುದುಡಿದ ಎಲೆ ಸರಿಯಾಗುವುದಿಲ್ಲ, ಅದನ್ನು ನೋಡಿ ಲೆಕ್ಕ ಹಾಕಬೇಡಿ.

ಗಿಡಹೇನು ಇದಕ್ಕಿಂತ ಸುಲಭ. ಅವರೆ, ಅಲಸಂದೆಯ ಕುಡಿಯಲ್ಲಿ ಕಪ್ಪಾಗಿ ಮುತ್ತಿಕೊಳ್ಳುವ ಈ ಹೇನಿಗೆ ದಪ್ಪ ಮೇಣವಿಲ್ಲ. ಜೋರು ನೀರಿಗೇ ಅರ್ಧ ಉದುರುತ್ತದೆ. ಆದರೆ ಹೆಣ್ಣು ಹೇನು ಗಂಡಿಲ್ಲದೆಯೇ ಮರಿ ಹಾಕುತ್ತದೆ, ಆ ಮರಿ ಒಂದು ವಾರದಲ್ಲಿ ತಾನೂ ಹಾಕತೊಡಗುತ್ತದೆ. ಹಾಗಾಗಿ ಎರಡು ಮೂರು ದಿನಕ್ಕೊಮ್ಮೆ ನೀರು ಹಾಯಿಸಿ. ಹಿಂಡಿ ನೀರನ್ನು ಕೆಲವು ವಾರ ಕಡಿಮೆ ಮಾಡಿ. ಸಾರಜನಕ ಜಾಸ್ತಿಯಾಗಿ ಬಂದ ಮೆತ್ತಗಿನ ಚಿಗುರು ಹೇನಿಗೆ ಬಲು ಇಷ್ಟ.

ಬಿಳಿ ನೊಣದ ವಿಷಯ ಬೇರೆ. ಗಿಡ ಅಲುಗಿಸಿದರೆ ಹಾರುವ ನೊಣಕ್ಕಿಂತ ಎಲೆಯ ತಳದಲ್ಲಿ ಅಂಟಿ ಕೂತ ಮರಿಗಳೇ ಮುಖ್ಯ, ಸೋಪುನೀರು ಬೀಳಬೇಕಾದದ್ದು ಅಲ್ಲಿಗೆ. ಹಾರುವ ನೊಣಕ್ಕೆ ಹಳದಿ ರಟ್ಟಿಗೆ ಹರಳೆಣ್ಣೆ ಬಳಿದು ಗಿಡದ ಎತ್ತರಕ್ಕೆ ತೂಗುಹಾಕಿ. ಟೊಮ್ಯಾಟೊ ಎಲೆ ಮೇಲಕ್ಕೆ ಮುದುಡಿ ಗಿಡ ಕುಳ್ಳಾಗಿದ್ದರೆ, ಬೆಂಡೆಯ ಎಲೆಯಲ್ಲಿ ನರಗಳು ಬಲೆಯಂತೆ ಹಳದಿಯಾಗಿದ್ದರೆ, ನೊಣ ಆಗಲೇ ವೈರಸ್ ರೋಗ ತಂದಿದೆ. ಬೇವಾಗಲಿ ಸೋಪಾಗಲಿ ಅದನ್ನು ವಾಸಿ ಮಾಡುವುದಿಲ್ಲ. ಮನಸ್ಸಿಗೆ ಕಷ್ಟವಾದರೂ ಆ ಗಿಡ ಕಿತ್ತುಬಿಡಿ, ಪಕ್ಕದವಾದರೂ ಉಳಿಯುತ್ತವೆ.

ನಾನು ಕಟುವಾದ ರಾಸಾಯನಿಕ ಬೇಡ ಎನ್ನುವುದಕ್ಕೆ ದೊಡ್ಡ ಕಾರಣ ಈ ಹುಳುಗಳ ಶತ್ರುಗಳು. 2008ರಲ್ಲಿ ಕೊಯಮತ್ತೂರಿನಲ್ಲಿ ಹೊರದೇಶದ ಪಪ್ಪಾಯಿ ಹಿಟ್ಟು ತಿಗಣೆ ಕಾಣಿಸಿತು. ಪಪ್ಪಾಯಿ, ಹಿಪ್ಪುನೇರಳೆ ತೋಟಗಳು ಬಿಳಿಯಾದವು. ದಾಸವಾಳವನ್ನೂ ಅದು ಬಿಡಲಿಲ್ಲ. ಕೀಟನಾಶಕಗಳಿಗೆ ಅದು ಬಗ್ಗಲಿಲ್ಲ. 2010ರಲ್ಲಿ ಪೋರ್ಟೊರಿಕೊದಿಂದ ಸಣ್ಣ ಪರಾವಲಂಬಿ ಕಣಜಗಳನ್ನು ತರಿಸಿ, ಬೆಂಗಳೂರಿನ ಹೆಬ್ಬಾಳದ ಕೇಂದ್ರ ಸಂಸ್ಥೆಯಲ್ಲಿ ಬೆಳೆಸಿ ತೋಟಗಳಿಗೆ ಬಿಟ್ಟರು. ತಿಗಣೆಯ ಮೈಯೊಳಗೇ ಮೊಟ್ಟೆ ಇಡುವ ಆ ಕಣಜ ಅದನ್ನು ಹತೋಟಿಗೆ ತಂದಿತು.

ನಿಮ್ಮ ತಾರಸಿಗೂ ಇಂಥ ನೆಂಟರು ಬರುತ್ತಾರೆ. ಉಬ್ಬಿ ಕಂದುಬಣ್ಣಕ್ಕೆ ತಿರುಗಿದ ಹೇನು ಕಂಡರೆ ಅದರೊಳಗೆ ಕಣಜದ ಮರಿ ಇದೆ, ಬಿಟ್ಟುಬಿಡಿ. ತಿಗಣೆ ತಿನ್ನುವ ಒಂದು ಬಗೆಯ ಗುಲಗಂಜಿ ಹುಳುವಿನ ಮರಿಯಂತೂ ತಾನೇ ಬಿಳಿ ಮೇಣ ಹೊದ್ದು ದೊಡ್ಡ ತಿಗಣೆಯ ಹಾಗೆ ಕಾಣುತ್ತದೆ. ಮೇಣದ ಎಳೆಗಳು ಉದ್ದ, ಓಡಾಟ ಚುರುಕು. ಅದು ಇರುವ ಕೊಂಬೆಗೆ ಬೇವಿನ ನೀರು ಹೊಡೆಯಬೇಡಿ.

ನಾಲ್ಕು ವಾರ ಇಷ್ಟೆಲ್ಲ ಮಾಡಿಯೂ, ಮೇಲೆ ಹುಳು ಕಾಣದಿದ್ದರೂ, ಗಿಡ ಸೊರಗುತ್ತಲೇ ಇದ್ದರೆ ಕುಂಡದಿಂದ ಬೇರುಮುದ್ದೆಯನ್ನು ಮೆಲ್ಲಗೆ ಎತ್ತಿ ನೋಡಿ. ಬೇರಿಗೆ ಬಿಳಿ ಪುಡಿ ಮೆತ್ತಿದ್ದರೆ ತಿಗಣೆ ಮಣ್ಣಿನೊಳಗಿದೆ. ಮಣ್ಣನ್ನೆಲ್ಲ ತೊಳೆದು, ಹೊಸ ಮಣ್ಣಿನಲ್ಲಿ ನೆಟ್ಟು, ಕೆಲವು ದಿನ ನೆರಳಲ್ಲಿ, ಬೇರೆ ಕುಂಡಗಳಿಂದ ದೂರ ಇಡಿ. ಹಳೆಯ ಮಣ್ಣನ್ನು ಇನ್ನೊಂದು ಕುಂಡಕ್ಕೆ ಹಾಕಬೇಡಿ.

ನಮಸ್ಕಾರ.